ತಾವೇ ಬರೆದದ್ದನ್ನು ಓದಲಾಗದು: ಮೆದುಳಿನಲ್ಲಿ ಎಲ್ಲಿ ದಾರಿ ಕಡಿದಿದೆ?

ಪ್ರಶ್ನೆ: ಡಾಕ್ಟ್ರೇ, ನಮ್ಮಪ್ಪನಿಗೆ 71 ವರ್ಷ. ಎರಡು ತಿಂಗಳ ಹಿಂದೆ ಸಣ್ಣ ಸ್ಟ್ರೋಕ್ ಆಯಿತು. ಮಾತು ಸರಿ ಇದೆ, ಕೈಕಾಲು ಸರಿ ಇದೆ. ಪೆನ್ನು ಕೊಟ್ಟರೆ ಚೆನ್ನಾಗಿ ಬರೆಯುತ್ತಾರೆ, ಆದರೆ ತಾವೇ ಬರೆದದ್ದನ್ನು ಓದಲು ಆಗುವುದಿಲ್ಲ. ಕಣ್ಣಿನ ಡಾಕ್ಟರು ಕಣ್ಣಲ್ಲಿ ತೊಂದರೆ ಇಲ್ಲ ಅಂದರು. ರಿಪೋರ್ಟಿನಲ್ಲಿ 'ಅಲೆಕ್ಸಿಯಾ ವಿದೌಟ್ ಅಗ್ರಾಫಿಯಾ, ಡಿಸ್ಕನೆಕ್ಷನ್' ಅಂತ ಇದೆ. ಓದಲು ಬಾರದವರು ಬರೆಯುವುದು ಹೇಗೆ? ಏನು ಡಿಸ್ಕನೆಕ್ಟ್ ಆಗಿದೆ?

ಉತ್ತರ: ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿ ನೋಡಿ. ಅಪ್ಪನಿಗೆ ಕಣ್ಣು ಮುಚ್ಚಿಕೊಳ್ಳಲು ಹೇಳಿ. ಅವರ ಅಂಗೈ ಮೇಲೆ ನಿಮ್ಮ ಬೆರಳಿನಿಂದ ದೊಡ್ಡದಾಗಿ 'ಮ' ಅಂತ ಬರೆಯಿರಿ, ಆಮೇಲೆ 'ರ'. ಏನು ಬರೆದೆ ಅಂತ ಕೇಳಿ. ನಿಮ್ಮ ರಿಪೋರ್ಟು ಹೇಳುವುದು ನಿಜವಾಗಿದ್ದರೆ ಅವರು ಬಹುಶಃ 'ಮರ' ಅಂತ ಹೇಳಿಬಿಡುತ್ತಾರೆ. ಅದೇ ಪದವನ್ನು ಕಾಗದದ ಮೇಲೆ ಬರೆದು ಕಣ್ಣ ಮುಂದೆ ಹಿಡಿದರೆ ತಡವರಿಸುತ್ತಾರೆ.

ಅಂದರೆ ಅಕ್ಷರಗಳು ಅವರ ತಲೆಯಿಂದ ಅಳಿಸಿಹೋಗಿಲ್ಲ. ಚರ್ಮದ ಮೂಲಕ ಹೋದರೆ ಸಿಗುತ್ತವೆ, ಕಿವಿಯ ಮೂಲಕ ಹೋದರೂ ಸಿಗುತ್ತವೆ. ಕಣ್ಣಿನ ಮೂಲಕ ಹೋದರೆ ಮಾತ್ರ ಸಿಗುವುದಿಲ್ಲ. ಕಾಯಿಲೆ ಇಷ್ಟೇ, ಆದರೆ ಇದು ಯಾಕೆ ಹೀಗೆ ಅಂತ ತಿಳಿಯಲು ಎರಡು ಸಂಗತಿ ಗೊತ್ತಿರಬೇಕು.

ಒಂದು, ನೋಟ ಮೆದುಳಿಗೆ ಅಡ್ಡಡ್ಡವಾಗಿ ಹೋಗುತ್ತದೆ. ನೀವು ನೇರ ನೋಡುತ್ತಿರುವಾಗ ನಿಮ್ಮ ಬಲಗಡೆ ಇರುವುದೆಲ್ಲ ಎಡ ಮೆದುಳಿನ ಹಿಂಭಾಗಕ್ಕೆ ಹೋಗುತ್ತದೆ, ಎಡಗಡೆ ಇರುವುದೆಲ್ಲ ಬಲ ಮೆದುಳಿನ ಹಿಂಭಾಗಕ್ಕೆ. ಎಡಗಣ್ಣು ಬಲ ಮೆದುಳಿಗೆ ಅಂತಲ್ಲ, ಇಲ್ಲೇ ಜಾಸ್ತಿ ಜನ ಎಡವುವುದು. ಎರಡೂ ಕಣ್ಣಿನ ನೋಟದ ಬಲ ಅರ್ಧ ಎಡಕ್ಕೆ, ಎಡ ಅರ್ಧ ಬಲಕ್ಕೆ.

ಎರಡು, ಬಹುತೇಕ ಬಲಗೈ ಬಳಸುವವರಲ್ಲಿ ಭಾಷೆಯ ಕೆಲಸ ಎಡ ಮೆದುಳಿನದ್ದು. ಹಾಗಾದರೆ ಎಡಗಡೆ ಕಂಡ ಪದ ಏನಾಗಬೇಕು? ಮೊದಲು ಬಲ ಮೆದುಳಿಗೆ ಬರುತ್ತದೆ, ಅಲ್ಲಿಂದ ಎಡ ಮೆದುಳಿಗೆ ದಾಟಬೇಕು. ದಾಟುವ ಸೇತುವೆಯ ಹೆಸರು ಕಾರ್ಪಸ್ ಕಲೋಸಮ್, ಸುಮಾರು 20 ಕೋಟಿ ನರತಂತುಗಳ ದಪ್ಪ ಪಟ್ಟಿ. ಅದರ ಹಿಂತುದಿಗೆ ಸ್ಪ್ಲೀನಿಯಂ ಅನ್ನುತ್ತಾರೆ. ನೋಟಕ್ಕೆ ಸೇರಿದ್ದು ಹೆಚ್ಚಾಗಿ ಈ ಹಿಂತುದಿಯಲ್ಲೇ ದಾಟುವುದು.

ಈಗ ನಿಮ್ಮ ಅಪ್ಪನಂಥವರಿಗೆ ಸಾಮಾನ್ಯವಾಗಿ ಆಗುವುದೇನು ಅಂದರೆ, ಎಡಗಡೆಯ ಪೋಸ್ಟೀರಿಯರ್ ಸೆರೆಬ್ರಲ್ ಆರ್ಟರಿ ಅನ್ನುವ ರಕ್ತನಾಳ ಕಟ್ಟಿಕೊಳ್ಳುತ್ತದೆ. ಈ ಒಂದೇ ನಾಳ ಎಡ ಮೆದುಳಿನ ನೋಟದ ಭಾಗಕ್ಕೂ ರಕ್ತ ಕೊಡುತ್ತದೆ, ಸ್ಪ್ಲೀನಿಯಂಗೂ ಕೊಡುತ್ತದೆ. ಹಾಗಾಗಿ ಒಂದೇ ಏಟಿಗೆ ಎರಡು ಹಾನಿ. ಎಡ ಮೆದುಳು ಪುಟವನ್ನು ನೋಡಲಾರದು, ಅದರ ನೋಟದ ಭಾಗವೇ ಹೋಗಿದೆ. ಬಲ ಮೆದುಳು ಪುಟವನ್ನು ಚೆನ್ನಾಗಿ ನೋಡುತ್ತದೆ, ಆದರೆ ಕಂಡದ್ದನ್ನು ಆಚೆ ದಾಟಿಸಲು ಸೇತುವೆ ಇಲ್ಲ. ಮಧ್ಯದಲ್ಲಿ ಭಾಷೆಯ ಭಾಗ ಏನೂ ಪೆಟ್ಟಾಗದೆ, ಕೆಲಸವಿಲ್ಲದೆ ಕೂತಿದೆ. ಅದಕ್ಕೆ ಪುಟ ತಲುಪುತ್ತಿಲ್ಲ ಅಷ್ಟೆ.

ಬರೆಯುವುದು ಯಾಕೆ ಉಳಿಯಿತು ಅನ್ನುವುದು ಇಲ್ಲಿಗೆ ಸುಲಭವಾಯಿತು, ಅಲ್ವಾ? ಬರೆಯುವಾಗ ಪದ ಒಳಗಿನಿಂದ ಹೊರಡುತ್ತದೆ. ಎಡ ಮೆದುಳಿನ ಭಾಷಾ ಭಾಗದಿಂದ ಅದೇ ಬದಿಯಲ್ಲಿರುವ ಬಲಗೈ ಆಡಿಸುವ ಭಾಗಕ್ಕೆ ಹೋದರೆ ಸಾಕು. ದಾರಿಯಲ್ಲಿ ಕಣ್ಣು ಬರುವುದೇ ಇಲ್ಲ. ಕತ್ತಲಲ್ಲಿ ನೀವೂ ನಿಮ್ಮ ಹೆಸರು ಬರೆಯಬಲ್ಲಿರಿ.

ಇದನ್ನು ಮೊದಲು ಬಿಡಿಸಿ ಹೇಳಿದ್ದು ಪ್ಯಾರಿಸ್ಸಿನ ನರತಜ್ಞ ಜೂಲ್ ಡೆಜೆರಿನ್, 1892ರಲ್ಲಿ. ಆ ರೋಗಿಯ ಕಥೆ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಇಂದಿಗೂ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಕಷ್ಟ.

ದಾಖಲೆಯಲ್ಲಿ ಅವರನ್ನು 'ಸಿ.' ಅಂತಷ್ಟೇ ಕರೆದಿದ್ದಾರೆ. ಬಟ್ಟೆ ವ್ಯಾಪಾರಿ, 68 ವರ್ಷ, ಚೆನ್ನಾಗಿ ಓದಿಕೊಂಡವರು. 1887ರ ಅಕ್ಟೋಬರಿನಲ್ಲಿ ಒಂದು ದಿನ ಇದ್ದಕ್ಕಿದ್ದಂತೆ ಒಂದು ಪದವನ್ನೂ ಓದಲಾಗದೆ ಹೋದರು. ಮಾತು ಸರಿ ಇತ್ತು, ಸುತ್ತಲಿನ ವಸ್ತುಗಳೂ ಜನರೂ ಗುರುತು ಸಿಗುತ್ತಿದ್ದರು. ಹಾಗಾಗಿ ಅವರು ಅಂದುಕೊಂಡದ್ದು ಕನ್ನಡಕ ಬದಲಿಸಬೇಕು ಅಂತ. ಹೋದದ್ದು ಲಾಂಡೋಲ್ಟ್ ಅನ್ನುವ ಕಣ್ಣಿನ ವೈದ್ಯರ ಬಳಿಗೆ. ಲಾಂಡೋಲ್ಟ್ ಜಾಣ, ಇದು ಕಣ್ಣಿನ ತೊಂದರೆ ಅಲ್ಲ ಅಂತ ಕಂಡುಕೊಂಡು ಡೆಜೆರಿನ್ ಬಳಿ ಕಳಿಸಿದರು.

ಅಕ್ಷರಗಳ ಪಟ್ಟಿ ತೋರಿಸಿದಾಗ ಸಿ. ಒಂದೂ ಹೇಳಲಿಲ್ಲ. ಆದರೆ ಅವು ಅವರಿಗೆ ಸ್ಪಷ್ಟವಾಗಿ ಕಾಣುತ್ತಿದ್ದವು. ಎಷ್ಟು ಸ್ಪಷ್ಟ ಅಂದರೆ, ರೋಮನ್ ಲಿಪಿಯ A ಚಿತ್ರ ಬಿಡಿಸುವವರ ಮೂರುಕಾಲಿನ ಸ್ಟ್ಯಾಂಡಿನಂತಿದೆ, Z ಹಾವಿನಂತಿದೆ, P ಬೆಲ್ಟಿನ ಬಕಲ್ಲಿನಂತಿದೆ ಅಂತ ಅವರೇ ಹೇಳಿದರು. ಈ ಮಾತು ಓದಿದಾಗಲೆಲ್ಲ ನನಗೆ ರೋಮಾಂಚನ. ಆಕಾರ ಕಾಣುತ್ತಿದೆ, ಅದು ಯಾವುದರ ಹಾಗಿದೆ ಅಂತ ಹೇಳಲೂ ಬರುತ್ತಿದೆ, ಅಕ್ಷರದ ಹೆಸರು ಮಾತ್ರ ಬರುತ್ತಿಲ್ಲ.

ಅಂಕಿಗಳನ್ನು ಓದುತ್ತಿದ್ದರು, ಲೆಕ್ಕ ಮಾಡುತ್ತಿದ್ದರು. ಹೇಳಿದ್ದನ್ನು ಬರೆಯುತ್ತಿದ್ದರು, ತಮಗೆ ತೋಚಿದ್ದನ್ನೂ ಸರಾಗವಾಗಿ ಬರೆಯುತ್ತಿದ್ದರು. ಆದರೆ ಬರೆಯುತ್ತಿರುವಾಗ ಮಧ್ಯೆ ಯಾರಾದರೂ ತಡೆದರೆ ಗೊಂದಲ, ಎಲ್ಲಿಗೆ ನಿಲ್ಲಿಸಿದೆ ಅಂತ ನೋಡಿಕೊಂಡು ಮುಂದುವರಿಸಲು ಆಗುತ್ತಿರಲಿಲ್ಲ. ಒಂದು ಸಾಲು ಕೊಟ್ಟು ನಕಲು ಮಾಡಿ ಅಂದರೆ ಚಿತ್ರ ಬಿಡಿಸುವವರ ಹಾಗೆ ಗೆರೆಗೆರೆಯಾಗಿ ನೋಡಿ ನೋಡಿ ಬರೆಯುತ್ತಿದ್ದರು. ಒಬ್ಬರೇ ವ್ಯಕ್ತಿ, ಅದೇ ಕೈ, ಆದರೆ ನಕಲು ಮಾಡುವುದು ತಾನಾಗಿ ಬರೆಯುವುದಕ್ಕಿಂತ ಕಷ್ಟ. ಇದು ಈ ಕಾಯಿಲೆಯ ಒಳ್ಳೆಯ ಗುರುತು. ನಕಲಿಗೆ ಕಣ್ಣಿನಿಂದ ಹೊರಡಬೇಕು, ದಾರಿ ಕಡಿದಿರುವುದು ಅಲ್ಲೇ ತಾನೆ. ಇನ್ನು, ಅಕ್ಷರದ ಗೆರೆಯನ್ನು ಬೆರಳಿನಿಂದ ತಿದ್ದಿಕೊಂಡು ಹೋದರೆ ಅದು ಯಾವುದು ಅಂತ ಹೇಳುತ್ತಿದ್ದರು. ಕೈಯ ಚಲನೆ ಬೇರೆ ದಾರಿಯಿಂದ ಎಡ ಮೆದುಳಿಗೆ ಸುದ್ದಿ ಕೊಡುತ್ತಿತ್ತು.

ಹೀಗೆ ನಾಲ್ಕು ವರ್ಷಕ್ಕೂ ಹೆಚ್ಚು ಕಾಲ. 1892ರ ಜನವರಿಯಲ್ಲಿ ಎರಡನೇ ಸ್ಟ್ರೋಕ್ ಆಯಿತು. ಈ ಸಲ ಬರೆಯುವುದೂ ಹೋಯಿತು. ಕೆಲವೇ ದಿನಗಳಲ್ಲಿ ತೀರಿಕೊಂಡರು. ಮೆದುಳನ್ನು ತೆಗೆದು ನೋಡಿದಾಗ ಎರಡು ಗಾಯ ಕಂಡವು. ಒಂದು ಹಳೆಯದು, ಎಡ ಮೆದುಳಿನ ಹಿಂಭಾಗದಲ್ಲಿ, ಸ್ಪ್ಲೀನಿಯಂ ಕೂಡ ಸೇರಿ. ಇನ್ನೊಂದು ಹೊಸದು, ಎಡ ಆಂಗ್ಯುಲರ್ ಜೈರಸ್ ಅನ್ನುವ ಮಡಿಕೆಯಲ್ಲಿ, ಕಿವಿಯಿಂದ ಸ್ವಲ್ಪ ಮೇಲೆ ಹಿಂದಕ್ಕೆ. ಹಳೆಯ ಗಾಯ ಓದನ್ನಷ್ಟೇ ಕಸಿದಿತ್ತು, ಹೊಸದು ಬರಹವನ್ನೂ ಕಸಿಯಿತು. ಪ್ರಯೋಗಾಲಯದಲ್ಲಿ ಯಾರೂ ಮಾಡಲಾರದ ಪ್ರಯೋಗವನ್ನು ಎರಡು ಸ್ಟ್ರೋಕ್ ಸೇರಿ ಮಾಡಿದ್ದವು. ಅಕ್ಷರಗಳ ನೆನಪು ಆಂಗ್ಯುಲರ್ ಜೈರಸ್‌ನಲ್ಲಿದೆ, ಮೊದಲ ಸ್ಟ್ರೋಕ್ ಕಡಿದದ್ದು ಅಲ್ಲಿಗೆ ನೋಟ ತಲುಪುವ ದಾರಿಯನ್ನು ಅಂತ ಡೆಜೆರಿನ್ ವಾದ ಮಾಡಿದರು. ನಂತರ ಈ ವಿಚಾರ ಬಹಳ ಕಾಲ ಮೂಲೆ ಸೇರಿತ್ತು. 1965ರಲ್ಲಿ ಅಮೆರಿಕದ ನಾರ್ಮನ್ ಗೆಶ್ವಿಂಡ್ ಅದನ್ನು ಮತ್ತೆ ಎತ್ತಿಕೊಂಡು, ಸ್ಪ್ಲೀನಿಯಂಗೆ ಅದರ ಜಾಗ ಕೊಟ್ಟು, 'ಡಿಸ್ಕನೆಕ್ಷನ್' ಅನ್ನುವ ಹೆಸರಲ್ಲಿ ನಿಲ್ಲಿಸಿದರು.

ಇಲ್ಲಿ ಹುಷಾರಾದ ಓದುಗರು ಒಂದು ಆಕ್ಷೇಪ ಎತ್ತಬೇಕು. ಸೇತುವೆ ಕಡಿದಿದ್ದರೆ ಪೆನ್ನು, ಬೀಗ, ಚಮಚ ಇವುಗಳ ಹೆಸರೂ ಹೇಳಲಾಗಬಾರದಲ್ಲ? ಅವನ್ನೂ ನೋಡುತ್ತಿರುವುದು ಬಲ ಮೆದುಳೇ, ಹೆಸರಿರುವುದು ಎಡಕ್ಕೇ. ಆದರೆ ಬಹಳ ರೋಗಿಗಳು ವಸ್ತುಗಳ ಹೆಸರನ್ನು ಸರಿಯಾಗಿ ಹೇಳುತ್ತಾರೆ.

ಗೆಶ್ವಿಂಡ್ ಕೊಟ್ಟ ಉತ್ತರ ಹೀಗಿದೆ. ಬೀಗ ಕಂಡರೆ ಬಲ ಮೆದುಳಿನಲ್ಲಿ ಬರೀ ಅದರ ರೂಪ ಏಳುವುದಿಲ್ಲ. ಹಿಡಿದಾಗಿನ ತಣ್ಣನೆ ಸ್ಪರ್ಶ, ತೂಕ, ಕೀಲಿ ತಿರುಗಿಸುವ ಕೈಚಲನೆ ಎಲ್ಲ ಏಳುತ್ತವೆ. ಇವು ಸೇತುವೆಯ ಮುಂದಿನ ಭಾಗಗಳಿಂದ ದಾಟುತ್ತವೆ, ಅಲ್ಲಿ ಗಾಯ ಆಗಿಲ್ಲ. ಅಕ್ಷರಕ್ಕೆ ತೂಕ ಇಲ್ಲ, ಸ್ಪರ್ಶ ಇಲ್ಲ, ಅದಕ್ಕಿರುವುದು ರೂಪ ಒಂದೇ. ಹಾಗಾದರೆ ರೂಪ ಬಿಟ್ಟು ಬೇರೇನೂ ಇಲ್ಲದ ಇನ್ನೊಂದು ಸಂಗತಿ ಯಾವುದು? ಬಣ್ಣ. ಈ ಕಾಯಿಲೆಯ ಹಲವರಿಗೆ, ಎಲ್ಲರಿಗೂ ಅಲ್ಲ, ಬಣ್ಣದ ಹೆಸರು ಹೇಳಲಾಗುವುದಿಲ್ಲ. ಕೆಂಪು ದಾರದ ಜೊತೆ ಕೆಂಪು ದಾರ ಜೋಡಿಸುತ್ತಾರೆ. 'ರಕ್ತದ ಬಣ್ಣ ಯಾವುದು?' ಅಂದರೆ ಥಟ್ಟನೆ 'ಕೆಂಪು' ಅನ್ನುತ್ತಾರೆ. ದಾರ ತೋರಿಸಿ 'ಇದು ಯಾವ ಬಣ್ಣ?' ಅಂದರೆ ತಪ್ಪು ಹೇಳುತ್ತಾರೆ. ಒಂದೊಂದು ಬದಿಯಲ್ಲೂ ಎಲ್ಲ ಸರಿ ಇದೆ, ದಾಟುವಲ್ಲಿ ಮಾತ್ರ ಸೋಲು. ಅಂಕಿಗಳು ಕೆಲವರಿಗೆ ಉಳಿಯುವುದಕ್ಕೂ ಒಂದು ವಿವರಣೆ ಇದೆ: ಅಂಕಿ ಎಷ್ಟನ್ನು ಸೂಚಿಸುತ್ತದೆ ಅನ್ನುವುದು ಬಲ ಮೆದುಳಿಗೂ ತಿಳಿಯುತ್ತದೆ, ಹಾಗಾಗಿ ಅದು ಬರೀ ಆಕಾರವಾಗಿ ಉಳಿಯುವುದಿಲ್ಲ. ಗೆಶ್ವಿಂಡರ ಈ ವಿವರಣೆ ಎಲ್ಲ ರೋಗಿಗಳಿಗೂ ಹೊಂದುತ್ತದೆ ಅಂತ ನಾನು ಹೇಳುವುದಿಲ್ಲ. ವಸ್ತುಗಳ ಹೆಸರಲ್ಲೂ ತಡವರಿಸುವವರು ಇದ್ದಾರೆ. ಆದರೆ ಬಣ್ಣದ ಈ ಪರೀಕ್ಷೆಯನ್ನು ಮಂಚದ ಪಕ್ಕ ಕೂತು ಮಾಡಿದಾಗ ಸಿಗುವ ಉತ್ತರಗಳನ್ನು ಬೇರೆ ರೀತಿ ವಿವರಿಸುವುದು ಕಷ್ಟ.

ಸೇತುವೆಯ ವಿಚಾರಕ್ಕೆ ಇನ್ನೂ ನೇರವಾದ ಸಾಕ್ಷಿ ಬೇಕಾದರೆ, ನೋಟದ ಭಾಗಗಳು ಎರಡೂ ಕಡೆ ಚೆನ್ನಾಗಿದ್ದು ಸ್ಪ್ಲೀನಿಯಂ ಮಾತ್ರ ಕಡಿದವರನ್ನು ನೋಡಬೇಕು. ಮೆದುಳಿನ ಆಳದ ಗಡ್ಡೆ ತೆಗೆಯಲು ಸೇತುವೆಯ ಹಿಂತುದಿಯನ್ನು ಕತ್ತರಿಸಿದ ಕೆಲವರು ಹೀಗಿದ್ದಾರೆ. ಪರೀಕ್ಷೆ ಸರಳ. ಪರದೆಯ ನಡುವಿನ ಚುಕ್ಕೆಯನ್ನೇ ನೋಡಲು ಹೇಳಿ, ಪಕ್ಕದಲ್ಲಿ ಪದವೊಂದನ್ನು ಸೆಕೆಂಡಿನ ಐದನೇ ಒಂದು ಭಾಗಕ್ಕಿಂತ ಕಡಿಮೆ ಹೊತ್ತು ಮಿಂಚಿಸುತ್ತಾರೆ. ಕಣ್ಣು ಅತ್ತ ಹೊರಳುವಷ್ಟರಲ್ಲಿ ಪದ ಮಾಯ. ಬಲಗಡೆ ಮಿಂಚಿದ ಪದವನ್ನು ಅವರು ಓದುತ್ತಾರೆ. ಎಡಗಡೆ ಮಿಂಚಿದ ಅದೇ ಪದವನ್ನು ಓದಲಾರರು. ನೋಟದ ಅರ್ಧಕ್ಕೆ ಮಾತ್ರ ಓದು ಇಲ್ಲ. ಸುಮ್ನೆ ಓಡಾಡುವಾಗ ಅವರಿಗೆ ಇದು ಗೊತ್ತೂ ಆಗುವುದಿಲ್ಲ, ಕಣ್ಣು ಹೊರಳಿಸಿ ಪದವನ್ನು ಬಲಕ್ಕೆ ತಂದುಕೊಂಡು ಓದಿಬಿಡುತ್ತಾರೆ. ನಿಮ್ಮ ಅಪ್ಪನಿಗೆ ಆ ಉಪಾಯ ಇಲ್ಲ, ಬಲಗಡೆಯ ನೋಟವೇ ಹೋಗಿದ್ದರೆ ಎಲ್ಲಿಗೆ ತಂದುಕೊಳ್ಳುವುದು? ಅದಕ್ಕೇ ಪೂರ್ತಿ ಕಾಯಿಲೆ ಕಾಣಿಸಿಕೊಳ್ಳಲು ಎರಡು ಏಟು ಬೇಕು ಅನ್ನುವುದು.

ಹಾಗಾದರೆ ಬಲ ಮೆದುಳಿಗೆ ಓದು ಅಂದರೆ ಏನೂ ಗೊತ್ತಿಲ್ಲವೇ? ಇದು ಇನ್ನೂ ಮುಗಿಯದ ಚರ್ಚೆ. 1989ರಲ್ಲಿ ಕಾಸ್ಲೆಟ್ ಮತ್ತು ಸಾಫ್ರನ್ ಅನ್ನುವ ಇಬ್ಬರು ಈ ಕಾಯಿಲೆಯ ರೋಗಿಗಳಿಗೆ ಪದಗಳನ್ನು ಕ್ಷಣಮಾತ್ರ ತೋರಿಸಿದರು, ಬಿಡಿಸಿ ಓದಲು ಸಮಯವೇ ಸಿಗದಷ್ಟು. ರೋಗಿಗಳಿಗೆ ಪದ ಯಾವುದು ಅಂತ ಹೇಳಲಾಗಲಿಲ್ಲ. ಆದರೆ ಅದು ನಿಜವಾದ ಪದವೋ ಸುಳ್ಳು ಪದವೋ, ಯಾವ ಗುಂಪಿಗೆ ಸೇರಿದ್ದು ಅಂತ ಕೇಳಿದಾಗ, ಊಹೆಯಿಂದ ಬರುವುದಕ್ಕಿಂತ ಜಾಸ್ತಿ ಸಲ ಸರಿಯಾದ ಉತ್ತರ ಕೊಟ್ಟರು. ಬಲ ಮೆದುಳು ತನ್ನ ಪಾಡಿಗೆ ಮಂಕಾಗಿ ಒಂದಿಷ್ಟು ಓದುತ್ತಿದೆ, ಅದಕ್ಕೆ ಬಾಯಿಲ್ಲ ಅಷ್ಟೆ ಅನ್ನುವುದು ಅವರ ತೀರ್ಮಾನ. ಎಡ ಮೆದುಳಿನಲ್ಲೇ ಉಳಿದ ಮಂದ ಓದು ಇದು ಅನ್ನುವವರೂ ಇದ್ದಾರೆ. ನನಗೆ ಮೊದಲ ವಾದ ಹೆಚ್ಚು ಒಪ್ಪಿಗೆ, ಆದರೆ ಎಲ್ಲ ರೋಗಿಗಳಲ್ಲೂ ಹೀಗೆ ಕಾಣುವುದಿಲ್ಲ.

'ಡಿಸ್ಕನೆಕ್ಷನ್' ಅನ್ನುವ ಪದಕ್ಕೂ ಒಂದು ತಿದ್ದುಪಡಿ ಬೇಕು. ಡೆಜೆರಿನ್ ಕಾಲದಲ್ಲಿ ಗೊತ್ತಿಲ್ಲದ ಒಂದು ನಿಲ್ದಾಣ ದಾರಿಯ ಮಧ್ಯೆ ಇದೆ. ಎಡ ಮೆದುಳಿನ ಅಡಿಭಾಗದಲ್ಲಿ, ಫ್ಯೂಸಿಫಾರ್ಮ್ ಜೈರಸ್ ಬಳಿ, ಓದು ಕಲಿತವರಲ್ಲಿ ಅಕ್ಷರಗಳಿಗೆಂದೇ ಪಳಗಿದ ಸಣ್ಣ ಜಾಗ. 2000ದಲ್ಲಿ ಕೊಹೆನ್, ದೆಹೇನ್ ಮತ್ತು ಸಂಗಡಿಗರು ಇದಕ್ಕೆ 'ವಿಶುವಲ್ ವರ್ಡ್ ಫಾರ್ಮ್ ಏರಿಯಾ' ಅಂತ ಹೆಸರಿಟ್ಟರು. ಪದ ಎಡಗಡೆ ಕಂಡರೂ ಬಲಗಡೆ ಕಂಡರೂ ಕೊನೆಗೆ ಇಲ್ಲಿಗೇ ಬರುತ್ತದೆ. ಬಲ ಮೆದುಳಿನಿಂದ ದಾಟುವ ದಾರಿಯೂ ಇಲ್ಲಿಗೇ ಸೇರುತ್ತದೆ. ಈ ಜಾಗವೇ ಹಾಳಾದರೆ, ಸೇತುವೆ ಚೆನ್ನಾಗಿದ್ದರೂ ಓದು ಹೋಗುತ್ತದೆ. 2006ರಲ್ಲಿ ಪ್ರಕಟವಾದ ಒಂದು ಪ್ರಕರಣದಲ್ಲಿ ಮೂರ್ಛೆರೋಗಕ್ಕೆ ಶಸ್ತ್ರಚಿಕಿತ್ಸೆ ಮಾಡುವಾಗ ಈ ಜಾಗದ ಪಕ್ಕದಲ್ಲಿ ಸಣ್ಣ ತುಂಡು ತೆಗೆದಿದ್ದರು. ಮೊದಲು ಸರಾಗವಾಗಿ ಓದುತ್ತಿದ್ದವರು ಆಮೇಲೆ ಅಕ್ಷರ ಅಕ್ಷರ ಬಿಡಿಸಿ ಓದತೊಡಗಿದರು. ಮುಖಗಳ, ವಸ್ತುಗಳ ಗುರುತಿಗೆ ಏನೂ ಆಗಿರಲಿಲ್ಲ. ಹಾಗಾಗಿ ನಿಮ್ಮ ರಿಪೋರ್ಟಿನ ಪದ ಸರಿಯೋ ಅಂದರೆ, ಎಂಆರ್‌ಐ ನೋಡಬೇಕು: ಸ್ಪ್ಲೀನಿಯಂ ಹೋಗಿದೆಯೋ, ಆ ಜಾಗ ಹೋಗಿದೆಯೋ, ಎರಡೂನೋ. ಆ ರಕ್ತನಾಳದ ಸ್ಟ್ರೋಕಿನಲ್ಲಿ ಎರಡೂ ಸ್ವಲ್ಪ ಸ್ವಲ್ಪ ಹೋಗಿರುವುದು ಅಪರೂಪವಲ್ಲ.

ಇದನ್ನು ತಪ್ಪಾಗಿ ತಿಳಿಯುವುದು ಬಹಳ ಸುಲಭ. ನನ್ನ ಬಳಿ ಬಂದ ಒಬ್ಬರು ಅಷ್ಟರಲ್ಲಿ ಎರಡು ಹೊಸ ಕನ್ನಡಕ ಮಾಡಿಸಿದ್ದರು, ಎರಡರಲ್ಲೂ 'ಅಕ್ಷರ ಸ್ಪಷ್ಟ ಕಾಣುತ್ತೆ, ಆದ್ರೆ ಅದು ಏನು ಅಂತ ಗೊತ್ತಾಗಲ್ಲ' ಅಂತ ಹೇಳಿದ್ದರೂ ಯಾರೂ ಎರಡನೇ ಅರ್ಧ ಕೇಳಿಸಿಕೊಂಡಿರಲಿಲ್ಲ. ಇನ್ನೊಂದು ಗೊಂದಲ ಬರೀ ಬಲಗಡೆಯ ನೋಟ ಹೋದವರದ್ದು. ಅವರಿಗೂ ಓದು ನಿಧಾನ, ಯಾಕೆಂದರೆ ಸಾಲಿನ ಮುಂದಿನ ಪದ ಕಾಣುವುದಿಲ್ಲ. ಆದರೆ ಒಂದೇ ಪದ ಬರೆದು ಕೊಟ್ಟರೆ ಅವರು ಸರಿಯಾಗಿ ಓದುತ್ತಾರೆ. ನಿಮ್ಮ ಅಪ್ಪನ ಕಾಯಿಲೆಯಲ್ಲಿ ಒಂದು ಪದವೂ ಕಷ್ಟ, ಪದ ಉದ್ದವಾದಷ್ಟೂ ಕಷ್ಟ ಜಾಸ್ತಿ. ನಮಗೆಲ್ಲ ಮೂರಕ್ಷರದ ಪದಕ್ಕೂ ಐದಕ್ಷರದ ಪದಕ್ಕೂ ಹೆಚ್ಚುಕಡಿಮೆ ಒಂದೇ ಸಮಯ ಹಿಡಿಯುತ್ತದೆ, ಎಲ್ಲ ಅಕ್ಷರವನ್ನೂ ಒಟ್ಟಿಗೆ ಹಿಡಿಯುತ್ತೇವೆ. ಇವರಿಗೆ ಪ್ರತಿ ಅಕ್ಷರಕ್ಕೂ ಅರ್ಧ ಸೆಕೆಂಡೋ, ಒಂದೆರಡು ಸೆಕೆಂಡೋ ಸೇರುತ್ತಾ ಹೋಗುತ್ತದೆ. ಗಡಿಯಾರ ಹಿಡಿದು ಅಳೆದರೆ ಗೊತ್ತಾಗುತ್ತದೆ. ಸುಧಾರಿಸುತ್ತಿದ್ದಾರಾ ಅಂತ ತಿಳಿಯುವುದಕ್ಕೂ ಇದೇ ಅಳತೆ.

ಬಹಳ ಜನ ಮೊದಲ ವಾರಗಳಲ್ಲಿ ಒಂದಕ್ಷರವೂ ಗೊತ್ತಾಗದ ಸ್ಥಿತಿಯಿಂದ ಹೀಗೆ ಅಕ್ಷರ ಅಕ್ಷರ ಬಿಡಿಸಿ ಓದುವ ಮಟ್ಟಕ್ಕೆ ಬರುತ್ತಾರೆ. ಮೊದಲಿನ ವೇಗ ಮರಳುವುದು ಅಪರೂಪ. ಅಭ್ಯಾಸಕ್ಕೆ ಎರಡು ದಾರಿ ಇವೆ. ಒಂದು, ಒಂದೇ ಸಣ್ಣ ಪ್ಯಾರಾವನ್ನು ದಿನಕ್ಕೆ ಹಲವು ಸಲ ಗಟ್ಟಿಯಾಗಿ ಓದಿಸುವುದು, ಅದು ಸರಾಗವಾದ ಮೇಲೆ ಹೊಸ ಪ್ಯಾರಾ. ಇನ್ನೊಂದು, ಬೆರಳಿನಿಂದ ತಿದ್ದಿ ಗುರುತಿಸುವುದು. 2001ರಲ್ಲಿ ಸ್ಟ್ರೋಕ್ ಆದ ಕೆನಡಾದ ಪತ್ತೇದಾರಿ ಕಾದಂಬರಿಕಾರರೊಬ್ಬರು ಬೆರಳು ಬಿಟ್ಟು ನಾಲಿಗೆಯಿಂದಲೇ ಹಲ್ಲಿನ ಹಿಂದೆ ಅಕ್ಷರ ಬರೆದುಕೊಂಡು ಓದಲು ಕಲಿತರು, ಆಮೇಲೆ ಮತ್ತೊಂದು ಕಾದಂಬರಿಯನ್ನೂ ಮುಗಿಸಿದರು. ನಮ್ಮ ಅಕ್ಷರಗಳಲ್ಲಿ ಒತ್ತು, ಗುಣಿತ ಸೇರಿ ಗೆರೆ ಜಾಸ್ತಿ, ಹಾಗಾಗಿ ನಾಲಿಗೆಗಿಂತ ಬೆರಳು ಸುಲಭವಾದೀತು ಅನ್ನುವುದು ನನ್ನ ಊಹೆ.

ಅಪ್ಪನ ವಿಷಯದಲ್ಲಿ ಎರಡು ಮಾತು. ಬಲಗಡೆಯ ನೋಟ ಅಳೆಸಿದ್ದೀರಾ? ಕಣ್ಣು ಚೆನ್ನಾಗಿದೆ ಅಂದರೆ ನೋಟದ ವಿಸ್ತಾರವೂ ಚೆನ್ನಾಗಿದೆ ಅಂತಲ್ಲ. 'ಫೀಲ್ಡ್ ಟೆಸ್ಟ್' ಅಂತ ಕೇಳಿ ಮಾಡಿಸಿ, ಅದರ ಫಲಿತಾಂಶ ಬರುವವರೆಗೆ ಅವರು ಗಾಡಿ ಓಡಿಸುವುದು ಬೇಡ. ಹೇಳಿದ್ದನ್ನು ಮರೆಯುತ್ತಿದ್ದರೆ ಅದನ್ನೂ ಡಾಕ್ಟರಿಗೆ ತಿಳಿಸಿ, ಅದೇ ರಕ್ತನಾಳ ನೆನಪಿನ ಭಾಗಕ್ಕೂ ಹೋಗುತ್ತದೆ. ಇನ್ನೊಂದು, ಅವರು ಏನಾದರೂ ಬರೆಯುತ್ತಿರುವಾಗ ಮಧ್ಯೆ ಮಾತಾಡಿಸಬೇಡಿ. ಮಾತಾಡಿಸಲೇಬೇಕಾಗಿ ಬಂದರೆ, ಅವರು ನಿಲ್ಲಿಸಿದ ವಾಕ್ಯವನ್ನು ನೀವು ಗಟ್ಟಿಯಾಗಿ ಓದಿ ಹೇಳಿ. ಕಿವಿಯಿಂದ ಬಂದರೆ ಅವರು ಅಲ್ಲಿಂದಲೇ ಮುಂದುವರಿಸುತ್ತಾರೆ.